ಕಿಂಗ್‌ಫಿಷರ್ ಏರ್‌ಲೈನ್ಸ್, ಮಾರ್ಚ್ 2011: ಸಾಲ ಷೇರಾಯಿತು, ಬಡ್ಡಿ ಕಟ್ಟಲು ಗಳಿಕೆ ಮಾತ್ರ ಇರಲಿಲ್ಲ

2011ರ ಮಾರ್ಚ್ 31ರಂದು ಕಿಂಗ್‌ಫಿಷರ್ ಏರ್‌ಲೈನ್ಸ್ ಷೇರಿನ ಬೆಲೆ ಮಾರುಕಟ್ಟೆಯಲ್ಲಿ 39.90 ರೂಪಾಯಿ ಇತ್ತು. ಅದೇ ಹೊತ್ತಿಗೆ ಕಂಪನಿಗೆ ಸಾಲ ಕೊಟ್ಟಿದ್ದ ಬ್ಯಾಂಕುಗಳು ತಮಗೆ ಬರಬೇಕಿದ್ದ ಸುಮಾರು 750 ಕೋಟಿ ರೂಪಾಯಿಗೆ ಬದಲಾಗಿ ಕಂಪನಿಯ ಷೇರುಗಳನ್ನೇ ತೆಗೆದುಕೊಂಡವು. ಒಂದೊಂದು ಷೇರಿಗೆ ಅವು ಲೆಕ್ಕ ಹಿಡಿದದ್ದು 64.48 ರೂಪಾಯಿ, ಅಂದರೆ ಪೇಟೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿದ್ದ ಬೆಲೆಗಿಂತ ಶೇ 61ಕ್ಕೂ ಹೆಚ್ಚು. ಕಂಪನಿಯ ಶೇ 23.37ರಷ್ಟು ಪಾಲು ಬ್ಯಾಂಕುಗಳ ಕೈಗೆ ಬಂತು. ಹದಿನೆಂಟು ತಿಂಗಳು ಕಳೆಯುವಷ್ಟರಲ್ಲಿ, 2012ರ ಅಕ್ಟೋಬರ್‌ನಲ್ಲಿ, ಆ ಕಂಪನಿಯ ವಿಮಾನಗಳು ನೆಲಕ್ಕಿಳಿದವು. ಮತ್ತೆ ಏಳಲಿಲ್ಲ.

ಈ ಕಥೆಯನ್ನು ವಿಜಯ್ ಮಲ್ಯ ಅವರ ಕಥೆಯಾಗಿ ಎಲ್ಲರೂ ಕೇಳಿದ್ದಾರೆ. ಕ್ಯಾಲೆಂಡರ್, ವಿಲ್ಲಾ, ಲಂಡನ್ ಇವೆಲ್ಲ ಬೇಕಾದಷ್ಟು ಆಗಿಹೋಗಿದೆ. ನನ್ನ ಆಸಕ್ತಿ ಬೇರೆ. ಮಾರ್ಚ್ 2011ರ ಆ ಒಂದು ವ್ಯವಹಾರವನ್ನು ಎರಡು ಅಳತೆಗೋಲು ಹಿಡಿದು ನೋಡಿದರೆ ಏನು ಕಾಣುತ್ತದೆ ಎಂಬುದು. ಮೊದಲನೆಯದು ಸಾಲ–ಬಂಡವಾಳ ಅನುಪಾತ, ಎರಡನೆಯದು ಬಡ್ಡಿ ಕವರೇಜ್. ಸಾಲದ ಅಪಾಯ ಅಳೆಯಲು ಪಠ್ಯಪುಸ್ತಕಗಳು ಇವೆರಡನ್ನೂ ಅಕ್ಕಪಕ್ಕ ಕೂರಿಸುತ್ತವೆ, ಎರಡೂ ಒಂದೇ ಮಾತು ಹೇಳುತ್ತವೆ ಎಂಬಂತೆ. ಕಿಂಗ್‌ಫಿಷರ್ ಪ್ರಕರಣದಲ್ಲಿ ಅವು ಒಂದೇ ಮಾತು ಹೇಳಲಿಲ್ಲ. ಬ್ಯಾಂಕುಗಳು ರಿಪೇರಿ ಮಾಡಿದ್ದು ಮೊದಲನೆಯದನ್ನು, ಕಾಯಿಲೆ ಇದ್ದದ್ದು ಎರಡನೆಯದರಲ್ಲಿ.

ಎರಡು ಅಳತೆಗಳು ಏನನ್ನು ಅಳೆಯುತ್ತವೆ

ಸಾಲ–ಬಂಡವಾಳ ಅನುಪಾತ ಲೆಕ್ಕ ಹಾಕಲು ಬ್ಯಾಲೆನ್ಸ್ ಶೀಟ್ ಒಂದೇ ಸಾಕು. ಕಂಪನಿಯ ಒಟ್ಟು ಸಾಲವನ್ನು ಷೇರುದಾರರ ಸ್ವಂತ ಹಣದಿಂದ ಭಾಗಿಸಬೇಕು. ಸ್ವಂತ ಹಣ ಎಂದರೆ ಷೇರು ಬಂಡವಾಳ, ಅದರ ಜೊತೆಗೆ ಇಷ್ಟು ವರ್ಷ ಉಳಿಸಿದ ಲಾಭ. ನಷ್ಟವಾಗಿದ್ದರೆ ಅದನ್ನು ಕಳೆಯಬೇಕು. ಇದಕ್ಕೆ ನೆಟ್‌ವರ್ತ್ ಎಂದೂ ಹೇಳುತ್ತಾರೆ. ಅನುಪಾತ 2 ಬಂತೆಂದರೆ ಮಾಲೀಕರು ಹಾಕಿದ ಪ್ರತಿ ರೂಪಾಯಿಗೆ ಸಾಲ ಕೊಟ್ಟವರದ್ದು ಎರಡು ರೂಪಾಯಿ ಇದೆ ಎಂದರ್ಥ. ನಷ್ಟ ಬಂದಾಗ ಮೊದಲು ಕರಗುವುದು ಮಾಲೀಕರ ಹಣ. ಅದು ಪೂರ್ತಿ ಕರಗಿದ ಮೇಲೆ ಸಾಲ ಕೊಟ್ಟವರ ಸರದಿ. ಹಾಗಾಗಿ ಈ ಅನುಪಾತ ಹೇಳುವುದು ಪೆಟ್ಟು ತಡೆಯುವ ಮೆತ್ತೆ ಎಷ್ಟು ದಪ್ಪ ಇದೆ ಎಂಬುದನ್ನು.

ಬಡ್ಡಿ ಕವರೇಜ್‌ಗೆ ಲಾಭ–ನಷ್ಟ ಖಾತೆ ತೆರೆಯಬೇಕು. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಗಳಿಕೆಯನ್ನು ಆ ವರ್ಷದ ಬಡ್ಡಿ ವೆಚ್ಚದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 3 ಬಂದರೆ ಬಡ್ಡಿಗೆ ಬೇಕಾದ್ದಕ್ಕಿಂತ ಮೂರು ಪಟ್ಟು ದುಡಿಮೆ ಇದೆ. 1 ಬಂದರೆ ದುಡಿದದ್ದೆಲ್ಲ ಬಡ್ಡಿಗೇ ಹೋಯಿತು, ಅಸಲಿಗೆ ಏನೂ ಉಳಿಯಲಿಲ್ಲ. 1ಕ್ಕಿಂತ ಕೆಳಗಿಳಿದರೆ ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಬೇಕು, ಆಸ್ತಿ ಮಾರಬೇಕು, ಇಲ್ಲವೇ ಯಾರಿಗೋ ಕೊಡಬೇಕಾದ್ದನ್ನು ಕೊಡದೆ ತಡೆಹಿಡಿಯಬೇಕು. ಮೂರರಲ್ಲಿ ಒಂದಾದರೂ ಆಗಲೇಬೇಕು.

ಮನೆ ಕೊಳ್ಳುವವರ ಭಾಷೆಯಲ್ಲಿ ಹೇಳುವುದಾದರೆ, ಕೈಯಿಂದ ಎಷ್ಟು ಹಾಕಿದಿರಿ ಎಂಬುದು ಮೊದಲನೆಯ ಪ್ರಶ್ನೆ, ಸಂಬಳದಲ್ಲಿ ಕಂತು ಕಟ್ಟಲಾಗುತ್ತದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಒಳ್ಳೆಯ ಉತ್ತರ ಕೊಟ್ಟವರೂ ಎರಡನೆಯದರಲ್ಲಿ ಸಿಕ್ಕಿಬೀಳಬಹುದು.

ಸಾಲ ಹೇಗೆ ಬೆಳೆಯಿತು

ಕಿಂಗ್‌ಫಿಷರ್ ಹಾರಾಟ ಆರಂಭಿಸಿದ್ದು 2005ರ ಮೇ ತಿಂಗಳಲ್ಲಿ. ಅಂದಿನಿಂದ ಮುಚ್ಚುವವರೆಗೆ ಒಂದು ವರ್ಷವೂ ಅದು ನಿವ್ವಳ ಲಾಭ ಕಾಣಲಿಲ್ಲ. 2007ರಲ್ಲಿ ಮಲ್ಯ ಅವರ ಯುಬಿ ಗುಂಪು ಬೆಂಗಳೂರಿನದ್ದೇ ಆದ ಏರ್ ಡೆಕ್ಕನ್‌ನ ಶೇ 26ರಷ್ಟು ಪಾಲನ್ನು ಸುಮಾರು 550 ಕೋಟಿ ರೂಪಾಯಿಗೆ ಕೊಂಡಿತು, ನಂತರ ಇನ್ನಷ್ಟು ಪಾಲು ಸೇರಿಸಿಕೊಂಡಿತು. ಕೊನೆಗೆ ಎರಡೂ ಒಂದಾದವು. ಡೆಕ್ಕನ್ ಷೇರುಪೇಟೆಯಲ್ಲಿ ಇದ್ದದ್ದರಿಂದ ಕಿಂಗ್‌ಫಿಷರ್ ಕೂಡ ಅದರ ಮೂಲಕ ಪೇಟೆ ಸೇರಿತು.

ಆ ಹೊತ್ತಿಗೇ ತೈಲದ ಬೆಲೆ ಏರಿತು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಟಿಕೆಟ್ ದರ ಅದಕ್ಕೆ ತಕ್ಕಂತೆ ಏರಲಿಲ್ಲ, ಏರಿಸಿದರೆ ಜನ ಪಕ್ಕದ ಕೌಂಟರಿಗೆ ಹೋಗುತ್ತಿದ್ದರು. ಷೇರುಪೇಟೆಯಲ್ಲಿದ್ದ ಕಂಪನಿಯ ಪುಸ್ತಕದಲ್ಲಿ ಮಾರ್ಚ್ 2008ಕ್ಕೆ ಸುಮಾರು 934 ಕೋಟಿ ಇದ್ದ ಸಾಲ ಮಾರ್ಚ್ 2009ಕ್ಕೆ ಸುಮಾರು 5,665 ಕೋಟಿಗೆ ಜಿಗಿಯಿತು. ಇದೆಲ್ಲ ಹೊಸ ಸಾಲವಲ್ಲ, ವಿಲೀನದಿಂದ ಒಟ್ಟಿಗೆ ಬಂದದ್ದೂ ಇದೆ. ಮುಂದಿನ ವರ್ಷ ಅಂಥ ಕಾರಣವಿರಲಿಲ್ಲ. ಆದರೂ ಮಾರ್ಚ್ 2010ಕ್ಕೆ ಸಾಲ 7,900 ಕೋಟಿ ದಾಟಿತು. ಆ ಎರಡು ವರ್ಷಗಳ ನಿವ್ವಳ ನಷ್ಟ ಕ್ರಮವಾಗಿ ಸುಮಾರು 1,609 ಕೋಟಿ ಮತ್ತು 1,647 ಕೋಟಿ. ಸಾಲ ಏರಿದ ಮೊತ್ತವನ್ನೂ ನಷ್ಟವನ್ನೂ ಜೊತೆಗಿಟ್ಟು ನೋಡಿದರೆ ಸಾಲ ಎಲ್ಲಿಗೆ ಹೋಗುತ್ತಿತ್ತು ಎಂಬುದಕ್ಕೆ ವಿವರಣೆ ಬೇಕಿಲ್ಲ. ವಿಮಾನ ಕೊಳ್ಳಲು ಮಾಡಿದ ಸಾಲ ಒಂದು ಬಗೆ, ನಿನ್ನೆಯ ಇಂಧನದ ಬಿಲ್ ತೀರಿಸಲು ಮಾಡಿದ ಸಾಲ ಇನ್ನೊಂದು ಬಗೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಮೈನಸ್ ಬಂದ ಅನುಪಾತ

ಇಷ್ಟು ನಷ್ಟ ಬಂದ ಮೇಲೆ ಷೇರುದಾರರ ಹಣ ಉಳಿಯುವುದಾದರೂ ಹೇಗೆ? ಕಂಪನಿಯ ನೆಟ್‌ವರ್ತ್ ಸೊನ್ನೆಗಿಂತ ಕೆಳಗೆ ಇಳಿದಿತ್ತು. ಈಗ ಸಾಲ–ಬಂಡವಾಳ ಅನುಪಾತ ಲೆಕ್ಕ ಹಾಕಲು ಹೊರಟರೆ ಏಳು ಸಾವಿರ ಚಿಲ್ಲರೆ ಕೋಟಿಯನ್ನು ಮೈನಸ್ ಸಂಖ್ಯೆಯಿಂದ ಭಾಗಿಸಬೇಕು. ಉತ್ತರವೂ ಮೈನಸ್ ಬರುತ್ತದೆ. ಅದಕ್ಕೆ ಅರ್ಥವಿಲ್ಲ. ಮೈನಸ್ 2 ಎಂಬುದು ಮೈನಸ್ 5ಕ್ಕಿಂತ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಹೇಳಲಾಗದು. ನೆಟ್‌ವರ್ತ್ ಹೆಚ್ಚು ಕೆಟ್ಟಷ್ಟೂ ಅನುಪಾತ ಸೊನ್ನೆಯ ಹತ್ತಿರ ಬರುತ್ತದೆ, ಅಂದರೆ ನೋಡಲು ಸುಧಾರಿಸಿದಂತೆ ಕಾಣುತ್ತದೆ.

ಇದು ಬರೀ ಗಣಿತದ ತಮಾಷೆಯಲ್ಲ. ಷೇರು ಆರಿಸುವ ವೆಬ್‌ಸೈಟುಗಳಲ್ಲಿ “ಸಾಲ–ಬಂಡವಾಳ ಅನುಪಾತ 1ಕ್ಕಿಂತ ಕಡಿಮೆ” ಎಂಬ ಜರಡಿ ಹಾಕುವವರು ಬಹಳ. ಮೈನಸ್ 3 ಕೂಡ 1ಕ್ಕಿಂತ ಕಡಿಮೆಯೇ. ಜರಡಿ ಸರಿಯಾಗಿ ಕಟ್ಟಿರದಿದ್ದರೆ ಪೂರ್ತಿ ಮುಳುಗಿದ ಕಂಪನಿ ಸಾಲವೇ ಇಲ್ಲದ ಕಂಪನಿಗಳ ಪಕ್ಕದಲ್ಲಿ ಬಂದು ಕೂರುತ್ತದೆ. ನೆಟ್‌ವರ್ತ್ ಸೊನ್ನೆಗಿಂತ ಹೆಚ್ಚಿರಬೇಕು ಎಂಬ ಷರತ್ತನ್ನೂ ಸೇರಿಸದೆ ಈ ಅನುಪಾತವನ್ನು ಬಳಸಬಾರದು.

ಆದರೆ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವರಿಗೆ ಈ ವಿಷಯ ಗೊತ್ತಿಲ್ಲದಿರುವುದಿಲ್ಲ. 2009ರ ಕೊನೆಯಲ್ಲಿ ಐಡಿಬಿಐ ಬ್ಯಾಂಕ್ ಕಿಂಗ್‌ಫಿಷರ್‌ಗೆ ಕೊಟ್ಟ ಸುಮಾರು 900 ಕೋಟಿ ಸಾಲದ ಬಗ್ಗೆ ಸಿಬಿಐ ನಂತರ ಮೊಕದ್ದಮೆ ಹೂಡಿದಾಗ ಮಾಡಿದ ಆರೋಪಗಳಲ್ಲಿ ಇದೂ ಒಂದು: ನೆಟ್‌ವರ್ತ್ ಋಣಾತ್ಮಕವಾಗಿದ್ದರೂ ಸಾಲ ಮಂಜೂರಾಯಿತು ಎಂಬುದು. ಆರೋಪದ ಸತ್ಯಾಸತ್ಯ ನ್ಯಾಯಾಲಯದ್ದು. ಮೊದಲನೆಯ ಅಳತೆಗೋಲು ಆ ಹೊತ್ತಿಗೇ ಮುರಿದಿತ್ತು ಎಂಬುದಷ್ಟೇ ಇಲ್ಲಿಗೆ ಬೇಕಾದದ್ದು.

ಮರುರಚನೆ: ಯಾವುದನ್ನು ರಿಪೇರಿ ಮಾಡಿದರು

2010ರ ಕೊನೆಯಲ್ಲಿ ಸ್ಟೇಟ್ ಬ್ಯಾಂಕ್ ಮುಂದಾಳತ್ವದ ಬ್ಯಾಂಕುಗಳ ಕೂಟ ಸಾಲ ಮರುರಚನೆಗೆ ಒಪ್ಪಿತು. ಬಡ್ಡಿ ದರ ಇಳಿಸಿದರು, ಮರುಪಾವತಿಗೆ ಕಾಲಾವಕಾಶ ಕೊಟ್ಟರು, ಒಟ್ಟು ಸುಮಾರು 1,355 ಕೋಟಿ ಸಾಲವನ್ನು ಷೇರಿನ ರೂಪಕ್ಕೆ ತಿರುಗಿಸಿದರು. ಅದರಲ್ಲಿ ಒಂದು ಪಾಲು ಮಾರ್ಚ್ 2011ರಲ್ಲಿ 64.48 ರೂಪಾಯಿಯ ಲೆಕ್ಕದಲ್ಲಿ ಸಾಮಾನ್ಯ ಷೇರಾಯಿತು. ಪ್ರವರ್ತಕರ ಕಡೆಯ ಸುಮಾರು 648 ಕೋಟಿ ಸಾಲವೂ ಹೀಗೇ ರೂಪ ಬದಲಿಸಿತು. ಇದಕ್ಕೆ ಪ್ರತಿಯಾಗಿ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್‌ನ ಕಾರ್ಪೊರೇಟ್ ಗ್ಯಾರಂಟಿ, ಮಲ್ಯ ಅವರ ವೈಯಕ್ತಿಕ ಜಾಮೀನು ಮತ್ತು ಕಿಂಗ್‌ಫಿಷರ್ ಎಂಬ ಬ್ರ್ಯಾಂಡ್ ಬ್ಯಾಂಕುಗಳ ಅಡಮಾನಕ್ಕೆ ಬಂದವು. ಬ್ರ್ಯಾಂಡ್‌ಗೆ ಆಗ ಕಟ್ಟಿದ ಬೆಲೆ ನಾಲ್ಕು ಸಾವಿರ ಕೋಟಿಗೂ ಮೇಲೆ.

ಸಾಲವನ್ನು ಷೇರಾಗಿಸಿದರೆ ಅನುಪಾತಕ್ಕೆ ಏನಾಗುತ್ತದೆ ಎಂದು ತಿಳಿಯಲು ಒಂದು ಕಾಲ್ಪನಿಕ ಕಂಪನಿ ತೆಗೆದುಕೊಳ್ಳಿ. ಸಾಲ 800 ಕೋಟಿ, ಸ್ವಂತ ಹಣ 100 ಕೋಟಿ, ಬಡ್ಡಿ ದರ ಶೇ 10, ಬಡ್ಡಿಗೆ ಮುಂಚಿನ ಗಳಿಕೆ 50 ಕೋಟಿ. ಸಾಲ–ಬಂಡವಾಳ ಅನುಪಾತ 8. ವರ್ಷದ ಬಡ್ಡಿ 80 ಕೋಟಿ, ಹಾಗಾಗಿ ಕವರೇಜ್ 0.63. ಈಗ ಬ್ಯಾಂಕುಗಳು 200 ಕೋಟಿ ಸಾಲವನ್ನು ಷೇರಾಗಿಸಿಕೊಳ್ಳಲಿ. ಸಾಲ 600ಕ್ಕೆ ಇಳಿಯಿತು, ಸ್ವಂತ ಹಣ 300ಕ್ಕೆ ಏರಿತು. ಅನುಪಾತ 8ರಿಂದ ಒಮ್ಮೆಲೇ 2ಕ್ಕೆ ಬಂತು. ಬಡ್ಡಿ 60 ಕೋಟಿಗೆ ಇಳಿಯಿತು, ಕವರೇಜ್ 0.83 ಆಯಿತು. ಒಂದೇ ವ್ಯವಹಾರ. ಒಂದು ಅಳತೆಯ ಪ್ರಕಾರ ರೋಗಿ ಮನೆಗೆ ಹೊರಡಬಹುದು, ಇನ್ನೊಂದರ ಪ್ರಕಾರ ಇನ್ನೂ ಐಸಿಯುನಲ್ಲೇ ಇದ್ದಾನೆ. ಭಾಗಾಕಾರದ ಮೇಲೂ ಕೆಳಗೂ ಏಕಕಾಲಕ್ಕೆ ಕೈಯಾಡಿಸಿದ್ದರಿಂದ ಮೊದಲನೆಯದು ಅಷ್ಟು ಜಿಗಿಯಿತು. ಎರಡನೆಯದರ ಮೇಲ್ಭಾಗದಲ್ಲಿ ಇರುವುದು ವ್ಯಾಪಾರದ ದುಡಿಮೆ, ಅದನ್ನು ಕಾಗದಪತ್ರಕ್ಕೆ ಸಹಿ ಹಾಕಿ ಹೆಚ್ಚಿಸಲು ಬರುವುದಿಲ್ಲ.

ಕಿಂಗ್‌ಫಿಷರ್‌ನಲ್ಲಿ ಆದದ್ದು ಇದೇ, ಇನ್ನೂ ಹದಗೆಟ್ಟ ರೂಪದಲ್ಲಿ. ಅಷ್ಟೆಲ್ಲ ಪರಿವರ್ತನೆಯಾದ ಮೇಲೂ ನೆಟ್‌ವರ್ತ್ ಮೈನಸ್‌ನಲ್ಲೇ ಉಳಿಯಿತು. ಸಾಲ ಮಾರ್ಚ್ 2011ಕ್ಕೆ ಸುಮಾರು 7,057 ಕೋಟಿಗೆ ಇಳಿಯಿತು. ಪತ್ರಿಕೆಗಳಲ್ಲಿ ಓದಲು ಇದು ಒಳ್ಳೆಯ ಸುದ್ದಿಯೇ.

ಬಡ್ಡಿ ಕವರೇಜ್ ಏನು ಹೇಳುತ್ತಿತ್ತು

ಈಗ 2010–11ರ ಲಾಭ–ನಷ್ಟ ಖಾತೆಗೆ ಬರೋಣ. ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪತ್ರಿಕೆಯಲ್ಲಿ ಬಂದ ನಷ್ಟದ ಅಂಕಿಯಿಂದ ಹೊರಟರೆ ದಾರಿ ತಪ್ಪುತ್ತದೆ.

ಪ್ರಕಟವಾದ ನಿವ್ವಳ ನಷ್ಟ ಸುಮಾರು 1,027 ಕೋಟಿ. ಹಿಂದಿನ ವರ್ಷ 1,647 ಕೋಟಿ ಇದ್ದದ್ದಕ್ಕೆ ಹೋಲಿಸಿದರೆ ದೊಡ್ಡ ಸುಧಾರಣೆ. ಆದರೆ ಈ 1,027 ಬಂದದ್ದು ಸುಮಾರು 493 ಕೋಟಿಯ ತೆರಿಗೆ ಜಮೆಯನ್ನು ಕಳೆದ ಮೇಲೆ. ತೆರಿಗೆ ಜಮೆ ಎಂದರೆ ಸರ್ಕಾರ ಕೊಟ್ಟ ಹಣವಲ್ಲ. ಇವತ್ತಿನ ನಷ್ಟವನ್ನು ಮುಂದೆ ಬರುವ ಲಾಭದ ಎದುರು ತೋರಿಸಿ ಆಗ ತೆರಿಗೆ ಉಳಿಸುತ್ತೇವೆ, ಆ ಉಳಿತಾಯವನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂಬ ಪುಸ್ತಕದ ನಮೂದು ಅದು. ಒಂದು ವರ್ಷವೂ ಲಾಭ ಕಾಣದ ಕಂಪನಿ ಹೀಗೆ ಬರೆದುಕೊಂಡರೆ ಓದುವವರು ಹುಬ್ಬೇರಿಸಲೇಬೇಕು. ಆ ಜಮೆಯನ್ನು ತೆಗೆದರೆ ತೆರಿಗೆ ಮುಂಚಿನ ನಷ್ಟ ಸುಮಾರು 1,520 ಕೋಟಿ.

ಆ ವರ್ಷದ ಬಡ್ಡಿ ಮತ್ತು ಹಣಕಾಸು ವೆಚ್ಚ ಸುಮಾರು 1,313 ಕೋಟಿ. ಇದನ್ನು 1,520ರ ನಷ್ಟಕ್ಕೆ ವಾಪಸ್ ಕೂಡಿಸಿದರೆ ಬಡ್ಡಿ ಮತ್ತು ತೆರಿಗೆ ಮುಂಚಿನ ಗಳಿಕೆ ಸಿಗಬೇಕು. ಸಿಕ್ಕಿದ್ದು ಗಳಿಕೆಯಲ್ಲ, ಸುಮಾರು 207 ಕೋಟಿಯ ನಷ್ಟ. ಮೈನಸ್ 207ನ್ನು 1,313ರಿಂದ ಭಾಗಿಸಿದರೆ ಕವರೇಜ್ ಮೈನಸ್ 0.16.

ಈ ಸಂಖ್ಯೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಕವರೇಜ್ 0.6 ಅಥವಾ 0.8 ಇದ್ದರೆ ಸಾಲ ಹೆಚ್ಚಾಗಿದೆ ಎನ್ನಬಹುದು; ಸಾಲ ಕಡಿಮೆ ಮಾಡಿದರೆ, ಬಡ್ಡಿ ಇಳಿಸಿದರೆ ವ್ಯಾಪಾರ ಉಳಿಯಬಹುದು. ಕವರೇಜ್ ಸೊನ್ನೆಗಿಂತ ಕೆಳಗಿದ್ದರೆ ಮಾತೇ ಬೇರೆ. ಬ್ಯಾಂಕುಗಳು ಅಷ್ಟೂ ಏಳು ಸಾವಿರ ಕೋಟಿಯನ್ನು ಮನ್ನಾ ಮಾಡಿ ಬಡ್ಡಿಯನ್ನು ಸೊನ್ನೆಗೆ ತಂದಿದ್ದರೂ ಆ ವರ್ಷ ಕಂಪನಿ 200 ಕೋಟಿ ಕಳೆದುಕೊಳ್ಳುತ್ತಿತ್ತು. ಅಂದರೆ ರೋಗ ಸಾಲದ್ದಾಗಿರಲಿಲ್ಲ, ವಿಮಾನ ಹಾರಿಸುವ ವ್ಯಾಪಾರದ್ದೇ ಆಗಿತ್ತು. ಸಾಲ ಮರುರಚನೆ ಎಂಬ ಮದ್ದು ಕೆಲಸ ಮಾಡುವುದು ವ್ಯಾಪಾರ ಗಟ್ಟಿಯಾಗಿದ್ದು ಸಾಲ ಮಾತ್ರ ಭಾರವಾಗಿದ್ದಾಗ. ಇಲ್ಲಿ ಅದನ್ನು ಕೊಟ್ಟದ್ದು ಬೇರೆ ರೋಗಕ್ಕೆ.

ಬ್ಯಾಂಕುಗಳ ಕಣ್ಣಿನಿಂದಲೇ ಲೆಕ್ಕ ಮುಂದುವರಿಸೋಣ. 1,355 ಕೋಟಿ ಸಾಲ ಪೂರ್ತಿ ಬಡ್ಡಿಯಿಂದ ಹೊರಬಂತು ಎಂದೇ ಇಟ್ಟುಕೊಂಡು ಶೇ 11ರ ದರ ಹಿಡಿದರೆ ವರ್ಷಕ್ಕೆ ಉಳಿಯುವ ಬಡ್ಡಿ ಸುಮಾರು 150 ಕೋಟಿ. ಉಳಿದ ಸಾಲದ ಮೇಲೆ ಬಡ್ಡಿ ದರ ಪ್ರತಿ ಒಂದು ಶೇಕಡಾ ಇಳಿದರೆ ಇನ್ನೊಂದು 70 ಕೋಟಿ. ತುಂಬಬೇಕಾದ ಹಳ್ಳ 1,520 ಕೋಟಿ. ಸಾಲ ಕೊಡುವಾಗ ಬ್ಯಾಂಕುಗಳು ಸಾಮಾನ್ಯವಾಗಿ ಬಯಸುವ ಕನಿಷ್ಠ ಕವರೇಜ್ 1.5ರ ಆಸುಪಾಸು. ಅದೇ ಬಡ್ಡಿಯ ಮೇಲೆ ಆ ಮಟ್ಟ ಮುಟ್ಟಬೇಕಿದ್ದರೆ ಕಂಪನಿಯ ಗಳಿಕೆ ಮೈನಸ್ 207ರಿಂದ ಸುಮಾರು 1,970 ಕೋಟಿಗೆ ಏರಬೇಕಿತ್ತು. ಆ ವರ್ಷದ ಆದಾಯ ಸುಮಾರು 6,233 ಕೋಟಿ. ಅಂದರೆ ನೂರು ರೂಪಾಯಿ ಆದಾಯದಲ್ಲಿ ಹಿಂದಿಗಿಂತ 35 ರೂಪಾಯಿ ಹೆಚ್ಚು ಉಳಿಯಬೇಕಿತ್ತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಇಂಧನದ ಬಿಲ್ಲನ್ನೇ ಎತ್ತಿಹಾಕಿದರೆ ಹೊರತು ವಿಮಾನಯಾನದಲ್ಲಿ ಅಂಥ ಜಾಗ ಇಲ್ಲ. ಅದೇ ವರ್ಷ, ಅದೇ ಇಂಧನ ಬೆಲೆಯಲ್ಲಿ, ಇಂಡಿಗೊ ಸುಮಾರು 650 ಕೋಟಿ ಲಾಭ ಮಾಡಿತು ಎಂಬುದನ್ನು ನೆನೆದರೆ ಕಾರಣವನ್ನು ತೈಲದ ಮೇಲೆ ಪೂರ್ತಿ ಹಾಕಲೂ ಆಗುವುದಿಲ್ಲ.

ತೆರಿಗೆ ಜಮೆಯ ಬಗ್ಗೆ ಇನ್ನೊಂದು ಮಾತು. ಅದು ನಷ್ಟವನ್ನು ಕಡಿಮೆ ತೋರಿಸಿದಷ್ಟೂ ನೆಟ್‌ವರ್ತ್ ಅಷ್ಟು ಕಡಿಮೆ ಕರಗಿದಂತೆ ಕಾಣುತ್ತದೆ, ಹಾಗಾಗಿ ಸಾಲ–ಬಂಡವಾಳ ಅನುಪಾತಕ್ಕೆ ಅದರ ಬಣ್ಣ ಹತ್ತುತ್ತದೆ. ಬಡ್ಡಿ ಕವರೇಜ್ ತೆರಿಗೆಯ ಸಾಲಿಗಿಂತ ಮೇಲೆಯೇ ನಿಂತು ಲೆಕ್ಕ ಹಾಕುವುದರಿಂದ ಅದಕ್ಕೆ ಹತ್ತುವುದಿಲ್ಲ. ಎರಡರಲ್ಲಿ ಒಂದನ್ನೇ ನೋಡಲು ಪುರುಸೊತ್ತಿರುವವರಿಗೆ ನಾನು ಕವರೇಜ್ ನೋಡಿ ಎನ್ನುವುದು ಇದೇ ಕಾರಣಕ್ಕೆ.

ಸಾಲದ ಪಟ್ಟಿಯಲ್ಲಿ ಇಲ್ಲದ ಸಾಲ

ಕಿಂಗ್‌ಫಿಷರ್ ತನ್ನ ಬಹುತೇಕ ವಿಮಾನಗಳನ್ನು ಲೀಸ್ ಮೇಲೆ ಓಡಿಸುತ್ತಿತ್ತು. ಆ ವರ್ಷದ ಲೀಸ್ ಬಾಡಿಗೆ ಸಾವಿರ ಕೋಟಿಯ ಹತ್ತಿರ. ಅಂದಿನ ಲೆಕ್ಕಪದ್ಧತಿಯಲ್ಲಿ ಇಂಥ ಲೀಸ್ ಬಾಡಿಗೆ ಬರೀ ಖರ್ಚು. ಮುಂದಿನ ವರ್ಷಗಳಿಗೂ ಬಾಡಿಗೆ ಕಟ್ಟಲೇಬೇಕೆಂಬ ಕರಾರು ಇದ್ದರೂ ಅದು ಸಾಲದ ಸಾಲಿನಲ್ಲಿ ಬರುತ್ತಿರಲಿಲ್ಲ. ವಿಮಾನ ಸಂಸ್ಥೆಗಳನ್ನು ವಿಶ್ಲೇಷಿಸುವವರು ಆಗ ಒಂದು ಒರಟು ಲೆಕ್ಕ ಹಾಕುತ್ತಿದ್ದರು: ವರ್ಷದ ಬಾಡಿಗೆಯನ್ನು ಏಳರಿಂದ ಎಂಟು ಪಟ್ಟು ಮಾಡಿ ಸಾಲಕ್ಕೆ ಸೇರಿಸುವುದು. ಹಾಗೆ ಮಾಡಿದರೆ ಕಿಂಗ್‌ಫಿಷರ್‌ನ ಲೀಸ್ ಹೊರೆ ಏಳು ಸಾವಿರ ಕೋಟಿಯ ಆಸುಪಾಸಿಗೆ ಬರುತ್ತದೆ. ಪುಸ್ತಕದಲ್ಲಿ ಕಾಣುತ್ತಿದ್ದ ಸಾಲದಷ್ಟೇ ದೊಡ್ಡ ಇನ್ನೊಂದು ಸಾಲ ಪುಸ್ತಕದ ಹೊರಗಿತ್ತು. 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಲೆಕ್ಕ ಮಾನದಂಡ ಇಂಥ ಲೀಸ್‌ಗಳನ್ನು ಬ್ಯಾಲೆನ್ಸ್ ಶೀಟ್ ಒಳಗೆ ತಂದಿದೆ. ಹಾಗಾಗಿ ಇವತ್ತಿನ ವಿಮಾನ ಕಂಪನಿಯ ಅನುಪಾತವನ್ನು 2011ರದ್ದಕ್ಕೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಲೀಸ್ ಬಾಡಿಗೆಯನ್ನೂ ಸವಕಳಿಯನ್ನೂ ಕಳೆಯುವ ಮುಂಚಿನ ಗಳಿಕೆಯನ್ನು ತೋರಿಸುವುದು ಈ ಉದ್ಯಮದ ರೂಢಿ. ಆ ಲೆಕ್ಕದಲ್ಲಿ ಕಿಂಗ್‌ಫಿಷರ್ 2010–11ರಲ್ಲಿ ಸುಮಾರು ಸಾವಿರ ಕೋಟಿ ಗಳಿಸಿತ್ತು. ಆ ಸಾವಿರವನ್ನು ನೋಡಿ ಕಂಪನಿ ತಿರುಗಿಕೊಂಡಿತು ಎಂದು ನಂಬಿದವರೂ ಇದ್ದರು. ಆದರೆ ಬಾಡಿಗೆ ಕಟ್ಟುವುದರೊಳಗೆ ಅದು ಮುಗಿಯುತ್ತಿತ್ತು. 1,313 ಕೋಟಿ ಬಡ್ಡಿ ಅದರ ಹಿಂದೆ ಸರದಿಯಲ್ಲಿ ನಿಂತಿತ್ತು, ಅದಕ್ಕೆ ಕೊಡಲು ಏನೂ ಉಳಿದಿರಲಿಲ್ಲ.

ಹಾಗಿದ್ದರೆ ಕಂಪನಿ ದಿನ ಹೇಗೆ ದೂಡುತ್ತಿತ್ತು? ಕೊಡಬೇಕಾದವರಿಗೆ ಕೊಡದೆ. ತೈಲ ಕಂಪನಿಗಳು, ವಿಮಾನ ನಿಲ್ದಾಣಗಳು, ಲೀಸ್ ಕೊಟ್ಟವರು, ಕೊನೆಗೆ ನೌಕರರು, ಇವರೆಲ್ಲ ಒಪ್ಪದೆಯೇ ಸಾಲ ಕೊಟ್ಟವರಾದರು. ನೌಕರರ ಸಂಬಳದಿಂದ ಹಿಡಿದ ಆದಾಯ ತೆರಿಗೆ, ಪ್ರಯಾಣಿಕರಿಂದ ವಸೂಲಾದ ಸೇವಾ ತೆರಿಗೆ ಕೂಡ ಬಾಕಿ ಉಳಿದು ತೆರಿಗೆ ಇಲಾಖೆ ಬ್ಯಾಂಕ್ ಖಾತೆಗಳನ್ನೇ ತಡೆಹಿಡಿಯುವವರೆಗೆ ಹೋಯಿತು. ಇದೊಂದೂ ಸಾಲ–ಬಂಡವಾಳ ಅನುಪಾತದಲ್ಲಿ ಕಾಣುವುದಿಲ್ಲ, ಏಕೆಂದರೆ ಇವು “ಸಾಲ” ಎಂಬ ಶೀರ್ಷಿಕೆಯ ಕೆಳಗೆ ಬರದೆ ಚಾಲ್ತಿ ಹೊಣೆಗಳ ಕೆಳಗೆ ಕೂರುತ್ತವೆ. ಕವರೇಜ್ 1ಕ್ಕಿಂತ ಕೆಳಗಿದ್ದು, ಸಾಲ ಮಾತ್ರ ಹೆಚ್ಚುತ್ತಿಲ್ಲ ಎಂದಾದರೆ, ಕಣ್ಣು ಮೊದಲು ಹೋಗಬೇಕಾದದ್ದು ಅಲ್ಲಿಗೆ. ವ್ಯಾಪಾರ ಬೆಳೆಯದಿದ್ದರೂ ಪೂರೈಕೆದಾರರ ಬಾಕಿ ಬೆಳೆಯುತ್ತಿದ್ದರೆ ಆ ಬಾಕಿಯೇ ಬಡ್ಡಿ ಕಟ್ಟುತ್ತಿದೆ.

ಕುಸಿತ

2011ರ ನವೆಂಬರ್‌ನಲ್ಲಿ ಒಮ್ಮೆಲೇ ಹತ್ತಾರು ಹಾರಾಟಗಳು ರದ್ದಾದವು. 2012ರ ಆರಂಭದಲ್ಲಿ ಸ್ಟೇಟ್ ಬ್ಯಾಂಕ್ ಈ ಸಾಲವನ್ನು ಎನ್‌ಪಿಎ, ಅಂದರೆ ಮರುಪಾವತಿ ನಿಂತ ಸಾಲಗಳ ಪಟ್ಟಿಗೆ ಸೇರಿಸಿತು. 2011–12ರ ನಿವ್ವಳ ನಷ್ಟ ಸುಮಾರು 2,328 ಕೋಟಿ. ತಿಂಗಳುಗಟ್ಟಲೆ ಸಂಬಳವಿಲ್ಲದೆ ನೌಕರರು ಮುಷ್ಕರಕ್ಕಿಳಿದರು, ಅಕ್ಟೋಬರ್ 2012ರಲ್ಲಿ ಹಾರಾಟ ನಿಂತಿತು, ಅದೇ ತಿಂಗಳು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು.

ಅಡಮಾನದ ಕಥೆಯೂ ಇಲ್ಲಿ ಹೇಳಬೇಕು, ಏಕೆಂದರೆ “ಆಸ್ತಿ ಅಡವಿದೆ, ಭಯವಿಲ್ಲ” ಎಂಬ ಮಾತನ್ನು ಸಾಲ ಕೊಡುವವರು ಕವರೇಜ್‌ಗೆ ಬದಲಿಯಾಗಿ ಬಳಸುತ್ತಾರೆ. ನಾಲ್ಕು ಸಾವಿರ ಕೋಟಿ ಬೆಲೆ ಕಟ್ಟಿದ್ದ ಬ್ರ್ಯಾಂಡ್ ಮತ್ತು ಅದರ ಟ್ರೇಡ್‌ಮಾರ್ಕುಗಳನ್ನು 2016ರ ಏಪ್ರಿಲ್‌ನಲ್ಲಿ ಸುಮಾರು 367 ಕೋಟಿಯ ಮೀಸಲು ಬೆಲೆಗೆ ಹರಾಜಿಗಿಟ್ಟರು. ಒಬ್ಬರೂ ಬಿಡ್ ಹಾಕಲಿಲ್ಲ. ವಿಮಾನ ಸಂಸ್ಥೆಯ ಬ್ರ್ಯಾಂಡ್‌ಗೆ ಬೆಲೆ ಇರುವುದು ವಿಮಾನ ಹಾರುತ್ತಿರುವಾಗ. ಬ್ಯಾಂಕಿಗೆ ಅದು ಬೇಕಾಗುವುದು ವಿಮಾನ ನಿಂತಾಗ. ಕವರೇಜ್ ಬಿದ್ದ ದಿನವೇ ಬಿದ್ದುಹೋಗುವ ಅಡಮಾನ ಅಡಮಾನವೇ ಅಲ್ಲ.

ಜಾಮೀನು ಮಾತ್ರ ಕೆಲಸಕ್ಕೆ ಬಂತು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಬ್ಯಾಂಕುಗಳಿಗೆ 6,203 ಕೋಟಿ ಅಸಲು ಮತ್ತು ಅದರ ಮೇಲೆ ವರ್ಷಕ್ಕೆ ಶೇ 11.5ರ ಬಡ್ಡಿ ವಸೂಲಿ ಮಾಡಿಕೊಳ್ಳಲು ಅನುವು ಮಾಡಿತು. ಮುಂದಿನ ತಿಂಗಳು, ಗ್ಯಾರಂಟಿ ಕೊಟ್ಟಿದ್ದ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಅನ್ನು ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶಿಸಿತು. ಆ ಹೋಲ್ಡಿಂಗ್ ಕಂಪನಿಯ ಷೇರು ಹಿಡಿದಿದ್ದವರು ಅದರ ಸ್ವಂತ ಸಾಲ ಎಷ್ಟೆಂದು ನೋಡಿದ್ದರೆ ಸಾಲುತ್ತಿರಲಿಲ್ಲ. ವಾರ್ಷಿಕ ವರದಿಯ ಹಿಂದಿನ ಪುಟಗಳಲ್ಲಿ ಸಂಭಾವ್ಯ ಹೊಣೆಗಳು ಎಂಬ ಟಿಪ್ಪಣಿಯಲ್ಲಿ ಬೇರೆಯವರ ಸಾಲ ಅವರ ಹೆಸರಿಗೆ ಕಾದು ಕೂತಿತ್ತು. ಗುಂಪಿನ ಕಂಪನಿಗಳನ್ನು ಓದುವಾಗ ಅಲ್ಲಿ ಬರೆದ ಗ್ಯಾರಂಟಿಯ ಮೊತ್ತವನ್ನು ಸಾಲಕ್ಕೆ ಸೇರಿಸಿ ಇನ್ನೊಮ್ಮೆ ಅನುಪಾತ ಹಾಕುವುದು ಒಳ್ಳೆಯದು, ಅದರಲ್ಲೂ ಗ್ಯಾರಂಟಿ ಪಡೆದ ಕಂಪನಿಯ ಕವರೇಜ್ 1ಕ್ಕಿಂತ ಕೆಳಗಿದ್ದರೆ.

ಮುಂದಿನ ವರ್ಷಗಳಲ್ಲಿ ಮಲ್ಯ ಅವರಿಗೆ ಸೇರಿದ್ದ ಬಿಯರ್ ಕಂಪನಿಯ ಷೇರುಗಳು ಮಾರಾಟವಾದವು. 2021ರ ಜೂನ್‌ನ ಒಂದೇ ಮಾರಾಟದಿಂದ 5,800 ಕೋಟಿಗೂ ಹೆಚ್ಚು ಬಂತು. 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ಲೋಕಸಭೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಮರಳಿದ ಆಸ್ತಿಯ ಒಟ್ಟು ಮೊತ್ತ 14,131 ಕೋಟಿ. ಬ್ಯಾಂಕುಗಳ ಲೆಕ್ಕವೇ ಸರಿಯಿತ್ತಲ್ಲವೇ ಎಂದು ಇದನ್ನು ನೋಡಿ ಕೇಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಈ ಹಣ ವಿಮಾನದಿಂದ ಬಂದದ್ದಲ್ಲ, ಬಿಯರ್‌ನಿಂದ. ಸಾಲ ಕೊಟ್ಟದ್ದು ಒಂದು ವ್ಯಾಪಾರವನ್ನು ನೋಡಿ, ತೀರಿದ್ದು ಇನ್ನೊಂದು ವ್ಯಾಪಾರದ ಲಾಭದಿಂದ, ಅದೂ ಒಂದು ದಶಕದ ಕೋರ್ಟು ಕಚೇರಿ ಅಲೆದ ಮೇಲೆ. ಜಾಮೀನುದಾರರ ಬಳಿ ಅಂಥ ಇನ್ನೊಂದು ಕಂಪನಿ ಇರುವುದು ಅಪರೂಪ.

ಇನ್ನು ಮಾರ್ಚ್ 2011ರಲ್ಲಿ ಷೇರಾದ ಆ 750 ಕೋಟಿ. ಬ್ಯಾಂಕುಗಳಿಗೆ ಸಿಕ್ಕಿದ್ದು ಸುಮಾರು 11.6 ಕೋಟಿ ಷೇರು. ಕೈಗೆ ಬಂದ ದಿನದ ಪೇಟೆ ಬೆಲೆಯಲ್ಲೇ ಅವುಗಳ ಮೌಲ್ಯ 464 ಕೋಟಿ ಮಾತ್ರ. 2012ರಲ್ಲಿ ಒಂದು ಹಂತದಲ್ಲಿ ಷೇರು ಹತ್ತು ರೂಪಾಯಿಗಿಂತ ಕೆಳಗೆ ಬಂತು, ಆಗ 120 ಕೋಟಿಯೂ ಆಗುತ್ತಿರಲಿಲ್ಲ. ಆ ಮೊತ್ತ ಸಾಲವಾಗಿಯೇ ಉಳಿದಿದ್ದರೆ ಅದೂ ಜಾಮೀನಿನ ನೆರಳಿನಲ್ಲಿ ಇರುತ್ತಿತ್ತು, ನ್ಯಾಯಮಂಡಳಿಯ ಮುಂದೆ ಬಡ್ಡಿ ಸಮೇತ ಕೇಳಬಹುದಿತ್ತು. ಷೇರುದಾರರಾದವರು ಯಾರ ಮುಂದೆಯೂ ವಸೂಲಿಗೆ ನಿಲ್ಲುವಂತಿಲ್ಲ.